ಮೊದಲು ಬೆರಳು, ಆಮೇಲೆ ದಾರ: ಹೆರಿಗೆಯಲ್ಲಿ ಗುದದ ಬಿಗಿಸ್ನಾಯು ಹರಿದ 3ಸಿ ದರ್ಜೆಯ ಗಾಯವೊಂದರ ಪ್ರಕರಣ ಅಧ್ಯಯನ

ಇದು ಯಾರೋ ಒಬ್ಬ ರೋಗಿಯ ಕಡತದಿಂದ ಎತ್ತಿದ ಪ್ರಕರಣವಲ್ಲ. ಹೆರಿಗೆ ವಾರ್ಡುಗಳಲ್ಲಿ ಪದೇ ಪದೇ ಎದುರಾಗುವ ಸಂಗತಿಗಳನ್ನು ಒಂದೇ ಎಳೆಗೆ ಪೋಣಿಸಿ, ಹೊಲಿಗೆ ಹಾಕುವವರಿಗೂ ಆಮೇಲೆ ಬಾಣಂತಿಯನ್ನು ನೋಡಿಕೊಳ್ಳುವವರಿಗೂ ಉಪಯೋಗವಾಗಲೆಂದು ಕಟ್ಟಿದ್ದು. ಸಂಖ್ಯೆಗಳು, ಔಷಧದ ಪ್ರಮಾಣಗಳು, ಹೊಲಿಗೆಯ ಕ್ರಮ ಮಾತ್ರ ವೃತ್ತಿಯಲ್ಲಿ ನಿಜವಾಗಿ ಬಳಕೆಯಲ್ಲಿರುವಂಥವೇ.

ಹೆರಿಗೆ ಕೋಣೆಯಲ್ಲಿ

24 ವರ್ಷದ ಮಹಿಳೆ, ಚೊಚ್ಚಲ ಬಸುರಿ, 39 ವಾರ ತುಂಬಿದೆ. ಗರ್ಭಕೋಶದ ಬಾಯಿ ಪೂರ್ತಿ ತೆರೆದು ಎರಡು ಗಂಟೆ ಮುಕ್ಕಿದರೂ ಮಗು ಇಳಿಯಲಿಲ್ಲ. ಮಗುವಿನ ಹಿಂದಲೆ ತಾಯಿಯ ಬೆನ್ನಿನ ಕಡೆಗಿತ್ತು. ಹೀಗಿರುವಾಗ ತಲೆಯ ಅಗಲವಾದ ಸುತ್ತಳತೆ ದ್ವಾರದಲ್ಲಿ ಹಾಯಬೇಕಾಗುತ್ತದೆ, ಒತ್ತಡವೆಲ್ಲ ಹಿಂಭಾಗಕ್ಕೆ, ಅಂದರೆ ಗುದದ್ವಾರದ ಕಡೆಗೆ ಬೀಳುತ್ತದೆ. ಮಗುವಿನ ಎದೆಬಡಿತ ಇಳಿಯತೊಡಗಿದ್ದರಿಂದ ವ್ಯಾಕ್ಯೂಮ್ ಹಾಕಲಾಯಿತು. ಬಲಭಾಗಕ್ಕೆ ಎಪಿಸಿಯಾಟಮಿ, ಅಂದರೆ ದ್ವಾರ ಅಗಲಿಸುವ ಓರೆ ಕಟ್, ಕೊಟ್ಟರು. 3.7 ಕಿಲೋ ತೂಕದ ಗಂಡು ಮಗು ಮುಖ ಮೇಲಾಗಿ ಹೊರಬಂತು, ತಕ್ಷಣ ಅತ್ತಿತು. ಮಾಸು ಬಿತ್ತು, ಗರ್ಭಕೋಶ ಗಟ್ಟಿಯಾಯಿತು, ರಕ್ತಸ್ರಾವ ಹೆಚ್ಚಿರಲಿಲ್ಲ.

ಇಷ್ಟರಲ್ಲೇ ಅಪಾಯದ ಲೆಕ್ಕ ನಾಲ್ಕಕ್ಕೆ ಮುಟ್ಟಿತ್ತು: ಚೊಚ್ಚಲು, ಹಿಂದಲೆ ಹಿಂದಕ್ಕಿದ್ದದ್ದು, ಮುಕ್ಕುವ ಎರಡನೇ ಹಂತ ಉದ್ದವಾದದ್ದು, ಉಪಕರಣದ ನೆರವು. ಬ್ರಿಟನ್ನಿನ ಲೆಕ್ಕದಲ್ಲಿ ಯೋನಿಮಾರ್ಗದ ಹೆರಿಗೆಗಳಲ್ಲಿ ಸುಮಾರು 2.9% ಮಂದಿಗೆ ಗುದದ ಬಿಗಿಸ್ನಾಯು ಹರಿಯುತ್ತದೆ. ಚೊಚ್ಚಲಿನವರಲ್ಲಿ ಅದು 6.1%. ಉಪಕರಣ ಸೇರಿದರೆ ಇನ್ನೂ ಹೆಚ್ಚು, ಅದರಲ್ಲೂ ಫೋರ್ಸೆಪ್ಸ್ ಆದರೆ ವ್ಯಾಕ್ಯೂಮಿಗಿಂತ ಹೆಚ್ಚು.

ಡ್ಯೂಟಿ ವೈದ್ಯರು ಗಾಯ ನೋಡಿ ಕೇಸ್ ಶೀಟಿನಲ್ಲಿ ‘ಎಪಿಸಿಯಾಟಮಿ, ಎರಡನೇ ದರ್ಜೆ’ ಎಂದು ಬರೆದರು. 1% ಲಿಗ್ನೊಕೇನ್ ಕೊಟ್ಟು ಸೂಜಿ ಹಿಡಿದರು. ಪಕ್ಕದಲ್ಲಿ ದೀಪ ಹಿಡಿದಿದ್ದ ಸ್ಟಾಫ್ ನರ್ಸ್‌ಗೆ ಒಂದು ವಿಷಯ ಕಣ್ಣಿಗೆ ಬಿತ್ತು. ಗುದದ್ವಾರದ ಸುತ್ತ ಚೀಲದ ಬಾಯಿ ಬಿಗಿದಂತೆ ಇರಬೇಕಾದ ನೆರಿಗೆಗಳು ಮುಂಭಾಗದಲ್ಲಿ, ಗಡಿಯಾರದ 10ರಿಂದ 2ರವರೆಗೆ, ಇರಲೇ ಇಲ್ಲ. ಅಲ್ಲಿನ ಚರ್ಮ ನುಣ್ಣಗೆ ಚಪ್ಪಟೆಯಾಗಿತ್ತು. “ಡಾಕ್ಟ್ರೇ, ಪಿ.ಆರ್. ಮಾಡಿ ನೋಡೋಣ್ವಾ?” ಎಂದಳು. ಪಿ.ಆರ್. ಎಂದರೆ ಗುದದೊಳಗೆ ಬೆರಳಿಟ್ಟು ಮಾಡುವ ಪರೀಕ್ಷೆ. ಪ್ರಕರಣದ ದಿಕ್ಕು ಬದಲಾದದ್ದು ಈ ಪ್ರಶ್ನೆಯಿಂದ.

ಬೆರಳು ಹೇಳುವುದು

ಹೊರಗಿನ ಬಿಗಿಸ್ನಾಯು ಒಂದು ಉಂಗುರ. ಅದು ತುಂಡಾದರೆ ಎರಡು ತುದಿಗಳೂ ಗಾಯದ ಬಾಯಲ್ಲಿ ಕಾಣುವಂತೆ ಕಾದು ಕೂರುವುದಿಲ್ಲ; ಲಂಗದ ಲಾಡಿ ತುಂಡಾದರೆ ತುದಿಗಳು ನೆರಿಗೆಯೊಳಗೆ ಸರಿದುಕೊಳ್ಳುವಂತೆ ಅಕ್ಕಪಕ್ಕದ ಕೊಬ್ಬಿನೊಳಗೆ ಹುದುಗಿಕೊಳ್ಳುತ್ತವೆ. ಮೇಲಿಂದ ನೋಡಿದರೆ ಕಾಣುವುದು ರಕ್ತ ಮತ್ತು ಹರಿದ ಸ್ನಾಯು, ಅಂದರೆ ಎರಡನೇ ದರ್ಜೆಯ ಚಿತ್ರವೇ. ಕಣ್ಣು ಇಲ್ಲಿ ಮೋಸ ಹೋಗುತ್ತದೆ, ಬೆರಳು ಹೋಗುವುದಿಲ್ಲ.

ಲಂಡನ್ನಿನ ಆಂಡ್ರ್ಯೂಸ್ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ತೋರಿಸಿತು. ಚೊಚ್ಚಲ ಹೆರಿಗೆಯಾದ 241 ಮಹಿಳೆಯರಲ್ಲಿ, ಹೆರಿಗೆ ಮಾಡಿಸಿದವರು ಗುರುತಿಸಿದ ಬಿಗಿಸ್ನಾಯುವಿನ ಗಾಯ 11%. ತರಬೇತಿ ಪಡೆದವರೊಬ್ಬರು ಹೊಲಿಗೆಗೆ ಮೊದಲು ಮತ್ತೊಮ್ಮೆ ಪರೀಕ್ಷಿಸಿದಾಗ ಅದು ಸುಮಾರು 25%ಕ್ಕೆ ಏರಿತು. ಸ್ಕ್ಯಾನಿನಲ್ಲಿ ಮಾತ್ರ ಕಾಣುವ ‘ಗುಪ್ತ’ ಗಾಯ ಎಂದು ಬಹಳ ಕಾಲ ಕರೆಯುತ್ತಿದ್ದುದರಲ್ಲಿ ಹೆಚ್ಚಿನವು ಗುಪ್ತವೇ ಆಗಿರಲಿಲ್ಲ. ಯಾರೂ ಬೆರಳಿಟ್ಟು ನೋಡಿರಲಿಲ್ಲ, ಅಷ್ಟೆ.

ಮಾಡುವ ಕ್ರಮ ಹೀಗೆ. ಏನು, ಯಾಕೆ ಎಂದು ಬಾಣಂತಿಗೆ ಹೇಳಿ ಒಪ್ಪಿಗೆ ಪಡೆಯಬೇಕು; ನೋವು ಹಿಡಿತದಲ್ಲಿರಬೇಕು; ಕಾಲುಗಳು ಲಿಥಾಟಮಿಯಲ್ಲಿ, ಅಂದರೆ ಮಡಚಿ ಎತ್ತಿ ಅಗಲಿಸಿದ ಭಂಗಿಯಲ್ಲಿ, ದೀಪ ನೇರ ಗಾಯದ ಮೇಲೆ. ತೋರುಬೆರಳನ್ನು ಗುದದೊಳಗೆ, ಹೆಬ್ಬೆರಳನ್ನು ಯೋನಿಯೊಳಗೆ ಇಟ್ಟು, ಎರಡರ ನಡುವಿನ ಪದರವನ್ನು ಜಪಮಣಿ ಉರುಳಿಸುವಂತೆ ಎಡದಿಂದ ಬಲಕ್ಕೆ ಉರುಳಿಸಬೇಕು. ಸ್ನಾಯು ಇದ್ದರೆ ದಪ್ಪನೆಯ ಹುರಿ ಬೆರಳ ನಡುವೆ ಜಾರುತ್ತದೆ. ಹರಿದಿದ್ದರೆ ನಡುವೆ ಒಂದು ಖಾಲಿ ಜಾಗ, ತೆಳ್ಳನೆಯ ಪೊರೆ. ಎಪಿಡ್ಯೂರಲ್ ಕೊಟ್ಟಿಲ್ಲವಾದರೆ “ಗ್ಯಾಸ್ ಹೋಗದ ಹಾಗೆ ಬಿಗಿ ಹಿಡೀರಿ” ಎಂದು ಕೇಳಬೇಕು. ಇಲ್ಲಿ ಬೆರಳ ಹಿಂಬದಿಯಲ್ಲಿ ಬಿಗಿತ ಗೊತ್ತಾಯಿತು, ಮುಂಬದಿಯಲ್ಲಿ ಏನೂ ಇರಲಿಲ್ಲ. ಕೊನೆಯಲ್ಲಿ ಬೆರಳನ್ನು ಒಳಗೆ ಇನ್ನಷ್ಟು ಮೇಲಕ್ಕೆ ಸರಿಸಿ ಗುದನಾಳದ ಗೋಡೆಯನ್ನು ಸವರಿ ನೋಡಬೇಕು. ಬಿಗಿಸ್ನಾಯು ಸರಿಯಿದ್ದೂ ಅದರ ಮೇಲೆ ಗುದನಾಳಕ್ಕೂ ಯೋನಿಗೂ ನಡುವೆ ಗುಂಡಿಮನೆಯಂಥ ತೂತು ಬಿದ್ದಿರುವುದುಂಟು. ಅದು ನಾಲ್ಕನೇ ದರ್ಜೆಯಲ್ಲ, ಪ್ರತ್ಯೇಕ ಗಾಯ. ತಪ್ಪಿಹೋದರೆ ಕೆಲವು ದಿನಗಳಲ್ಲಿ ಯೋನಿಯ ಮೂಲಕ ಗ್ಯಾಸೂ ಮಲವೂ ಬರತೊಡಗುತ್ತದೆ.

ಇದಕ್ಕೆ ಹಿಡಿಯುವುದು ಎರಡು ನಿಮಿಷ. ಚರ್ಮದ ಚಿಕ್ಕ ಗಾಯವೇ ಆಗಲಿ, ಗಾಯವೇ ಕಾಣದಿರಲಿ, ಯೋನಿಮಾರ್ಗದ ಪ್ರತಿ ಹೆರಿಗೆಯ ನಂತರವೂ ಮಾಡಬೇಕಾದದ್ದು.

ದರ್ಜೆ ಯಾಕೆ ಬೇಕು

ಇಂದು ಎಲ್ಲೆಡೆ ಬಳಸುವ ವರ್ಗೀಕರಣ ಬ್ರಿಟನ್ನಿನ ಸುಲ್ತಾನ್ ಅವರು 1999ರಲ್ಲಿ ಸೂಚಿಸಿದ್ದು. ಚರ್ಮ ಅಥವಾ ಯೋನಿಯ ಪೊರೆ ಮಾತ್ರ ಹರಿದರೆ ಮೊದಲನೇ ದರ್ಜೆ. ಕೆಳಗಿನ ಸ್ನಾಯುಗಳೂ ಹರಿದು, ಗುದದ ಬಿಗಿಸ್ನಾಯು ಉಳಿದಿದ್ದರೆ ಎರಡನೇದು. ಬಿಗಿಸ್ನಾಯು ಹರಿದರೆ ಮೂರನೇದು: ಹೊರಗಿನ ಬಿಗಿಸ್ನಾಯುವಿನ ದಪ್ಪದಲ್ಲಿ ಅರ್ಧಕ್ಕಿಂತ ಕಡಿಮೆ ಹರಿದರೆ 3ಎ, ಅರ್ಧಕ್ಕಿಂತ ಹೆಚ್ಚು ಹರಿದರೆ 3ಬಿ, ಒಳಗಿನ ಬಿಗಿಸ್ನಾಯುವೂ ಸೇರಿದರೆ 3ಸಿ. ಗುದದ ಒಳಪೊರೆಯೂ ತೆರೆದುಕೊಂಡರೆ ನಾಲ್ಕನೇದು. 3ಎ ಅಥವಾ 3ಬಿ ಎಂದು ಅನುಮಾನವಾದರೆ ಮೇಲಿನದನ್ನೇ ಬರೆಯಬೇಕು.

ಈ ಅಕ್ಷರಗಳಲ್ಲಿ ಮಹತ್ವದ್ದು ‘ಸಿ’. ಗುದದ್ವಾರಕ್ಕೆ ಒಂದರೊಳಗೊಂದು ಎರಡು ಉಂಗುರಗಳಿವೆ. ಹೊರಗಿನದು ನಮ್ಮ ಇಚ್ಛೆಯಂತೆ ಬಿಗಿಯಾಗುವ ಸ್ನಾಯು. ಬಸ್ಸಿನಲ್ಲಿ ಅವಸರವಾದಾಗ ಮನೆ ಮುಟ್ಟುವವರೆಗೆ ತಡೆಯುವುದು ಅದರ ಕೆಲಸ. ಒಳಗಿನದು ನಮ್ಮ ಗಮನಕ್ಕೇ ಬಾರದೆ ಹಗಲಿರುಳು ಬಿಗಿಯಾಗಿರುವ ಸ್ನಾಯು. ವಿರಾಮದಲ್ಲಿ ಗುದದ್ವಾರದ ಒತ್ತಡದ ಹೆಚ್ಚಿನ ಪಾಲು ಅದರಿಂದಲೇ. ಆದ್ದರಿಂದ ದೂರುಗಳೂ ಬೇರೆ ಬೇರೆ. ಹೊರಗಿನದು ಕೆಟ್ಟರೆ ‘ಬಂತು ಎಂದರೆ ತಡೆಯೋಕಾಗಲ್ಲ’ ಎನ್ನುತ್ತಾರೆ. ಒಳಗಿನದು ಕೆಟ್ಟರೆ ‘ಗೊತ್ತೇ ಆಗದೆ ಬಟ್ಟೆಗೆ ಅಂಟಿರುತ್ತೆ’ ಎನ್ನುತ್ತಾರೆ. ಈ ಎರಡು ವಾಕ್ಯಗಳನ್ನು ನೆನಪಿಟ್ಟುಕೊಂಡರೆ ಮುಂದಿನ ಭೇಟಿಗಳಲ್ಲಿ ಅರ್ಧ ರೋಗನಿದಾನ ಮುಗಿದಂತೆ.

ಲಿಗ್ನೊಕೇನ್ ಕೊಟ್ಟಾಗಿತ್ತು, ಸೂಜಿ ಕೈಯಲ್ಲಿತ್ತು. ಆದರೂ ಅಲ್ಲೇ ಹೊಲಿಯುವ ಆಸೆಯನ್ನು ಬಿಟ್ಟು ಬಾಣಂತಿಯನ್ನು ಆಪರೇಷನ್ ಥಿಯೇಟರಿಗೆ ಒಯ್ದದ್ದು ಸರಿಯಾದ ತೀರ್ಮಾನ. ಬೆಳಕು, ಸಲಕರಣೆ, ಸಹಾಯಕ ಎಂಬುದಷ್ಟೇ ಕಾರಣವಲ್ಲ. ಸುತ್ತಮುತ್ತ ಕೊಡುವ ಮರವಳಿಕೆ ಚುಚ್ಚುಮದ್ದು ನೋವು ತಡೆದರೂ ಬಿಗಿಸ್ನಾಯುವನ್ನು ಸಡಿಲಿಸುವುದಿಲ್ಲ. ಬಿಗಿದುಕೊಂಡ ಸ್ನಾಯುವಿನ ತುದಿಗಳನ್ನು ಎಳೆದು ತಂದರೆ ಹೊಲಿಗೆಯ ಮೇಲೆ ಎಳೆತ ಉಳಿಯುತ್ತದೆ, ದಾರ ಮಾಂಸವನ್ನು ಕೊಯ್ದುಕೊಂಡು ಬರುತ್ತದೆ. ಬೆನ್ನಿಗೆ ಸ್ಪೈನಲ್ ಕೊಟ್ಟರೆ ಸ್ನಾಯು ಸಡಿಲವಾಗುತ್ತದೆ. ಮೂರನೇ, ನಾಲ್ಕನೇ ದರ್ಜೆ ಹೊಲಿಯಬಲ್ಲವರು ಅಲ್ಲಿ ಇಲ್ಲದಿದ್ದರೆ, ರಕ್ತಸ್ರಾವ ನಿಲ್ಲಿಸಿ, ಶುದ್ಧವಾಗಿ ಪ್ಯಾಕ್ ಮಾಡಿ ಬಲ್ಲವರಿರುವ ಕಡೆಗೆ ಕಳಿಸುವುದೇ ಮೇಲು. ಕೆಲವು ಗಂಟೆ ತಡವಾದರೆ ಫಲಿತಾಂಶ ಕೆಡುವುದಿಲ್ಲ. ಕೆಟ್ಟ ಮೊದಲ ಹೊಲಿಗೆಯಿಂದ ಕೆಡುತ್ತದೆ.

ಥಿಯೇಟರಿನಲ್ಲಿ

ಸ್ಪೈನಲ್ ಕೊಟ್ಟು, ಶಸ್ತ್ರಚಿಕಿತ್ಸೆಗೆ ಮೊದಲೇ ರಕ್ತನಾಳಕ್ಕೆ ಸೆಫುರಾಕ್ಸಿಮ್ 1.5 ಗ್ರಾಂ ಮತ್ತು ಮೆಟ್ರೊನಿಡಜೋಲ್ 500 ಮಿಲಿಗ್ರಾಂ ಕೊಡಲಾಯಿತು. ಗಾಯ ತೊಳೆದು, ಮೇಲಿಂದ ರಕ್ತ ಇಳಿಯದಂತೆ ಯೋನಿಯಲ್ಲಿ ಬಾಲವಿರುವ ಪ್ಯಾಕ್ ಇಟ್ಟು, ಬಾಲಕ್ಕೆ ಕ್ಲ್ಯಾಂಪ್ ಕಚ್ಚಿಸಲಾಯಿತು. ಒಳಗೆ ಮರೆತ ಪ್ಯಾಕ್ ತಿಂಗಳ ಮೇಲೆ ನಾರುವ ಸ್ರಾವವಾಗಿ ಹೊರಬಂದ ಕತೆ ಯಾವ ಆಸ್ಪತ್ರೆಯನ್ನೂ ಬಿಟ್ಟಿಲ್ಲ.

ಗುದದ ಒಳಪೊರೆ ಸರಿಯಾಗಿತ್ತು. ಹರಿದಿದ್ದರೆ ಅದರಿಂದಲೇ ಶುರು ಮಾಡಬೇಕಿತ್ತು: 3-0 ಪಾಲಿಗ್ಲಾಕ್ಟಿನ್, ಅಂದರೆ ವಿಕ್ರಿಲ್ ದಾರದಿಂದ, ಬಿಡಿಬಿಡಿಯಾಗಿಯೋ ಒಂದೇ ಓಟದಲ್ಲೋ. ನಿಧಾನ ಕರಗುವ ಪಿಡಿಎಸ್ ದಾರವನ್ನು ಒಳಪೊರೆಗೆ ಬಳಸಬಾರದು. ಬಹಳ ದಿನ ಉಳಿದು ಕಿರಿಕಿರಿ, ಸೋಂಕು ತರುತ್ತದೆ.

ಮುಂದಿನದು ಒಳಗಿನ ಬಿಗಿಸ್ನಾಯು. ಬಹುತೇಕ ಹೊಲಿಗೆಗಳಲ್ಲಿ ಬಿಟ್ಟುಹೋಗುವುದು ಇದೇ, ಯಾಕೆಂದರೆ ಇದು ಸ್ನಾಯುವಿನಂತೆ ಕಾಣುವುದೇ ಇಲ್ಲ. ಹೊರಗಿನದು ಕುರಿಮಾಂಸದ ಕೆಂಪು, ಒಳಗಿನದು ಕೋಳಿಯ ಎದೆಮಾಂಸದ ಬಿಳುಪು. ಗುದದ ಒಳಪೊರೆಗೆ ಅಂಟಿಕೊಂಡು ತೆಳ್ಳನೆಯ ಹಾಳೆಯಂತಿರುತ್ತದೆ. ಅದನ್ನು ‘ಪೊರೆಯ ಕೆಳಗಿನ ನಾರು’ ಎಂದುಕೊಂಡು ಮುಂದೆ ಹೋಗುವುದು ಸುಲಭ. ಇಲ್ಲಿ ಎರಡೂ ಅಂಚುಗಳನ್ನು ಅಲ್ಲಿಸ್ ಫೋರ್ಸೆಪ್ಸಿನಿಂದ ಮೃದುವಾಗಿ ಹಿಡಿದು ನೋಡಿದಾಗ ಸುಮಾರು 2 ಸೆಂ.ಮೀ. ಉದ್ದಕ್ಕೆ ಬಿರುಕು ಬಿಟ್ಟಿದ್ದು ಕಂಡಿತು. ದರ್ಜೆ 3ಸಿ ಎಂದು ಖಚಿತವಾಯಿತು. 3-0 ಪಿಡಿಎಸ್‌ನಿಂದ ಬಿಡಿ ಮ್ಯಾಟ್ರೆಸ್ ಹೊಲಿಗೆಗಳನ್ನು ಹಾಕಿ ಅಂಚಿಗೆ ಅಂಚು ಕೂಡಿಸಲಾಯಿತು. ಈ ಸ್ನಾಯುವನ್ನು ಒಂದರ ಮೇಲೊಂದು ಹೊದಿಸಿ ಹೊಲಿಯುವುದಿಲ್ಲ, ಹೊರಗಿನ ಸ್ನಾಯುವಿನೊಂದಿಗೆ ಒಂದೇ ಹೊಲಿಗೆಯಲ್ಲಿ ಸೇರಿಸುವುದೂ ಇಲ್ಲ. ಸೂಜಿ ಒಳಪೊರೆಯನ್ನು ದಾಟದಂತೆ ಎಡಗೈಯ ಬೆರಳು ಗುದದೊಳಗೇ ಕಾವಲಿರಬೇಕಾದರೆ ಆ ಕೈಗೆ ಎರಡು ಗ್ಲೌಸ್ ಹಾಕಿ, ಆಮೇಲೆ ಮೇಲಿನದನ್ನು ಬದಲಾಯಿಸಬೇಕು.

ಹೊರಗಿನ ಸ್ನಾಯುವಿನ ಎರಡು ತುದಿಗಳನ್ನು ಅಕ್ಕಪಕ್ಕದ ಕೊಬ್ಬಿನೊಳಗೆ ಹುಡುಕಿ ಹೊರತರಬೇಕು. ಅಲ್ಲಿಸ್‌ನಲ್ಲಿ ಹಿಡಿದು ಮೆಲ್ಲಗೆ ಎಳೆದರೆ ಗುದದ್ವಾರದ ಸುತ್ತ ಚರ್ಮ ನೆರಿಗೆಗಟ್ಟಿದರೆ ಹಿಡಿದದ್ದು ಸ್ನಾಯುವೇ. ಏನೂ ಚಲಿಸದಿದ್ದರೆ ಹಿಡಿದದ್ದು ಬರೀ ಕೊಬ್ಬು. ಇಲ್ಲಿ ಸ್ನಾಯು ಪೂರ್ತಿ ತುಂಡಾಗಿತ್ತು. ಪೂರ್ತಿ ತುಂಡಾದಾಗ ಎರಡು ದಾರಿಗಳಿವೆ: ತುದಿಗೆ ತುದಿ ಕೂಡಿಸುವುದು, ಇಲ್ಲವೇ ಕೋಟಿನ ಮುಂಭಾಗದಂತೆ ಒಂದರ ಮೇಲೊಂದು ಹೊದಿಸುವುದು. ಹೊದಿಸಿದವರಲ್ಲಿ ಒಂದು ವರ್ಷದ ಹೊತ್ತಿಗೆ ಅವಸರದ ತೊಂದರೆ ಕಡಿಮೆ ಕಂಡರೂ ಮೂರು ವರ್ಷದ ಹೊತ್ತಿಗೆ ವ್ಯತ್ಯಾಸ ಉಳಿಯುವುದಿಲ್ಲ. ಹಾಗಾಗಿ ಕೈಗೆ ಪಳಗಿದ್ದನ್ನು ಮಾಡುವುದೇ ಸರಿ. ಅರ್ಧ ಹರಿದ ಸ್ನಾಯುವಿಗೆ, ಅಂದರೆ 3ಎಗೂ 3ಬಿಯ ಹಲವಕ್ಕೂ, ತುದಿಗೆ ತುದಿಯೊಂದೇ ದಾರಿ. ಹೊದಿಸಬೇಕಾದರೆ ಉಳಿದ ಸ್ನಾಯುವನ್ನೂ ಕತ್ತರಿಸಬೇಕಾಗುತ್ತದೆ. ಈ ಪ್ರಕರಣದಲ್ಲಿ 3-0 ಪಿಡಿಎಸ್‌ನಿಂದ ನಾಲ್ಕು ಹೊಲಿಗೆಗಳಲ್ಲಿ ತುದಿಗೆ ತುದಿ ಕೂಡಿಸಿದರು. 2-0 ವಿಕ್ರಿಲ್ ಆದರೂ ಆಗುತ್ತದೆ.

ದಾರದ ಆಯ್ಕೆ ರುಚಿಯ ಪ್ರಶ್ನೆಯಲ್ಲ. ಸ್ನಾಯು ಕೂಡಿಕೊಳ್ಳಲು ವಾರಗಳು ಬೇಕು. ವಿಕ್ರಿಲ್ ಮೂರು ವಾರದ ಹೊತ್ತಿಗೆ ಅರ್ಧದಷ್ಟು ಬಲ ಉಳಿಸಿಕೊಂಡಿರುತ್ತದೆ, ಪಿಡಿಎಸ್ ನಾಲ್ಕು ವಾರ ಕಳೆದರೂ ಅರ್ಧಕ್ಕಿಂತ ಹೆಚ್ಚು. ಚರ್ಮಕ್ಕೂ ಯೋನಿಗೂ ಒಳ್ಳೆಯದಾದ ವಿಕ್ರಿಲ್ ರ‍್ಯಾಪಿಡ್ ಐದೇ ದಿನಕ್ಕೆ ಅರ್ಧ ಬಲ ಕಳೆದುಕೊಳ್ಳುತ್ತದೆ. ಟ್ರೇಯಲ್ಲಿ ಎದುರಿಗೇ ಇದೆಯೆಂದು ಅದನ್ನೋ ಕ್ಯಾಟ್‌ಗಟ್ಟನ್ನೋ ಬಿಗಿಸ್ನಾಯುವಿಗೆ ಬಳಸಿದರೆ, ಬಾಣಂತಿ ಮೊದಲ ಗಟ್ಟಿ ಮಲಕ್ಕೆ ಮುಕ್ಕುವ ಹೊತ್ತಿಗೆ ಹಿಡಿತವೇ ಇರುವುದಿಲ್ಲ. ಎಂಟರ ಆಕಾರದ ಹೊಲಿಗೆಯೂ ಬೇಡ. ಬೇಗ ಮುಗಿಯುತ್ತದೆ, ರಕ್ತವೂ ನಿಲ್ಲುತ್ತದೆ. ಆದರೆ ನಡುವಿನ ಸ್ನಾಯುವಿಗೆ ರಕ್ತ ಹರಿಯದೆ ಅದು ಸಾಯುತ್ತದೆ. ಗಂಟನ್ನು ಅಂಚುಗಳು ತಾಗುವಷ್ಟೇ ಬಿಗಿಯಬೇಕು.

ಪಿಡಿಎಸ್ ಗಂಟುಗಳು ಗಡುಸು. ಅವುಗಳ ಬಾಲವನ್ನು ಗಿಡ್ಡಗೆ ಕತ್ತರಿಸಿ, ಮೇಲಿನ ಸ್ನಾಯುಗಳನ್ನು ಅವುಗಳ ಮೇಲೆ ಮುಚ್ಚಿ ಹೊಲಿಯದಿದ್ದರೆ ತಿಂಗಳ ಮೇಲೆ ಚರ್ಮ ಕೊರೆದುಕೊಂಡು ಹೊರಬರುತ್ತವೆ. ಹೀಗೆ ನಡುವಿನ ಸ್ನಾಯುಗಳನ್ನು ದಪ್ಪವಾಗಿ ಕಟ್ಟುವುದರಿಂದ ಮುಂದಿನ ಹೆರಿಗೆಯಲ್ಲೂ ಬಿಗಿಸ್ನಾಯುವಿಗೆ ಒಂದು ಗೋಡೆ ಸಿಗುತ್ತದೆ. ಆಮೇಲಿನದು ಎಲ್ಲರಿಗೂ ಗೊತ್ತಿರುವ ಕೆಲಸ: ಗಾಯದ ತುದಿಗಿಂತ ತುಸು ಮೇಲಿಂದ ಶುರುಮಾಡಿ ಯೋನಿಗೆ ಲಾಕ್ ಹಾಕದ ಓಟದ ಹೊಲಿಗೆ, ಚರ್ಮದಡಿಯ ಹೊಲಿಗೆ.

ಕೊನೆಗೆ ಮತ್ತೆ ಬೆರಳು. ಗುದನಾಳದೊಳಗೆ ದಾರವೇನಾದರೂ ತಾಗಿದರೆ ಆ ಹೊಲಿಗೆಯನ್ನು ಬಿಚ್ಚಿ ಮತ್ತೆ ಹಾಕಬೇಕು. ಬಿಟ್ಟರೆ ಅದೇ ಹಾದಿಯಲ್ಲಿ ಸೋಂಕು, ಆಮೇಲೆ ಗುದಕ್ಕೂ ಯೋನಿಗೂ ನಡುವೆ ತೂತು ಬೀಳುವ ಫಿಸ್ಟುಲಾ. ಪ್ಯಾಕ್ ತೆಗೆದು, ಬಟ್ಟೆ, ಸೂಜಿಗಳನ್ನು ಎಣಿಸಿ, ಮೂತ್ರಕ್ಕೆ ಕ್ಯಾಥೆಟರ್ ಹಾಕಿ 24 ಗಂಟೆ ಬಿಟ್ಟರು. ಟಿಪ್ಪಣಿಯಲ್ಲಿ ‘ಬಿಗಿಸ್ನಾಯು ಹೊಲಿಯಲಾಯಿತು’ ಎಂಬ ಒಂದು ಸಾಲಿನ ಬದಲು ದರ್ಜೆ, ಒಳಗಿನ ಸ್ನಾಯುವಿನ ಸ್ಥಿತಿ, ಪ್ರತಿ ಪದರಕ್ಕೆ ಬಳಸಿದ ದಾರ, ಹೊಲಿದ ವಿಧಾನ, ಒಂದು ಗಡಿಯಾರದ ಚಿತ್ರ ಇತ್ತು. ಮೂರು ತಿಂಗಳ ಮೇಲೆ ಬೇರೊಬ್ಬರಿಗೆ ಉಪಯೋಗಕ್ಕೆ ಬಂದದ್ದು ಆ ಚಿತ್ರವೇ.

ಬಾಣಂತನದ ಊಟ ಮತ್ತು ಹೊಲಿಗೆ

ಹೊಲಿಗೆ ನಿಲ್ಲುವುದೋ ಬಿಡುವುದೋ ಎಂಬುದು ಮೊದಲ ಎರಡು ವಾರದ ಮಲದ ಮೇಲಿದೆ. ಆದೇಶ ಹೀಗಿತ್ತು: ಐದು ದಿನ ಬಾಯಿಯಿಂದ ಪ್ರತಿಜೀವಕ, ನೋವಿಗೆ ಪ್ಯಾರಸಿಟಮಾಲ್ ಮತ್ತು ಡೈಕ್ಲೊಫೆನಾಕ್ ಮಾತ್ರೆ, ಲ್ಯಾಕ್ಟುಲೋಸ್ 15 ಮಿ.ಲೀ. ದಿನಕ್ಕೆರಡು ಸಲ, ಕನಿಷ್ಠ ಹತ್ತು ದಿನ. ಕೋಡೀನ್ ಇರುವ ಮಾತ್ರೆ ಬೇಡ, ಮಲ ಕಟ್ಟುತ್ತದೆ. ಗುದದೊಳಗೆ ಇಡುವ ಸಪೊಸಿಟರಿ, ಎನಿಮಾ ಬೇಡ, ಹೊಸ ಹೊಲಿಗೆಗೆ ಪೆಟ್ಟಾಗುತ್ತದೆ. ಲ್ಯಾಕ್ಟುಲೋಸನ್ನು ಅಳತೆ ಮಾಡಿ ನಿಲ್ಲಿಸುವುದಲ್ಲ, ಹದ ನೋಡಿ ಏರಿಸಿ ಇಳಿಸುವುದು. ಹಿಸುಕಿದ ಬಾಳೆಹಣ್ಣಿನ ಹದ ಸರಿ. ನೀರಾದರೆ ತಡೆಯುವುದೇ ಕಷ್ಟವಾಗಿ ಗಾಯ ಕೊಳೆಯಾಗುತ್ತದೆ.

ಮೂರನೇ ದಿನಕ್ಕೆ ತವರಿಗೆ ಹೋದರು. ಅಲ್ಲಿನ ಬಾಣಂತನದ ಕ್ರಮ ಪರಿಚಿತವಾದದ್ದೇ: ನೀರು ಕುಡಿದರೆ ಹೊಟ್ಟೆ ದಪ್ಪವಾಗುತ್ತದೆಂದು ದಿನಕ್ಕೆ ಎರಡು ಮೂರು ಲೋಟ, ಸೊಪ್ಪು ತರಕಾರಿ ತಂಪೆಂದು ವರ್ಜ್ಯ, ಬಿಸಿ ಅನ್ನ, ಮೆಣಸಿನ ಸಾರು, ಬೆಳ್ಳುಳ್ಳಿ, ತುಪ್ಪ. ಜೊತೆಗೆ ರಕ್ತಹೀನತೆಗೆಂದು ಕೊಟ್ಟ ಕಬ್ಬಿಣದ ಮಾತ್ರೆ. ಆರನೇ ದಿನಕ್ಕೆ ಫೋನು ಬಂತು. ನಾಲ್ಕು ದಿನದಿಂದ ಮೋಷನ್ ಆಗಿಲ್ಲ, ತಾಯಿ ಅಂಗಡಿಯಿಂದ ಇಸಬ್ಗೋಲ್ ತಂದಿದ್ದಾರೆ, ಕೊಡಬಹುದೇ?

ಉತ್ತರ: ಈಗ ಬೇಡ. ಇಸಬ್ಗೋಲ್ ನೀರು ಹೀರಿ ಮಲದ ಗಾತ್ರವನ್ನು ಹೆಚ್ಚಿಸುತ್ತದೆ. ನೀರೇ ಕಡಿಮೆ ಕುಡಿಯುವವರಲ್ಲಿ ಅದು ದಪ್ಪ ಉಂಡೆಯಾಗುತ್ತದೆ, ಹೊಸ ಹೊಲಿಗೆಯನ್ನು ಹಿಗ್ಗಿಸಿಕೊಂಡೇ ಇಳಿಯಬೇಕು. ಡಬ್ಲಿನ್‌ನಲ್ಲಿ ನಡೆದು 2007ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಲ್ಯಾಕ್ಟುಲೋಸಿನ ಜೊತೆ ಇಸಬ್ಗೋಲ್ ಸೇರಿಸಿ ಕೊಟ್ಟವರಲ್ಲಿ, ಬರೀ ಲ್ಯಾಕ್ಟುಲೋಸ್ ತೆಗೆದುಕೊಂಡವರಿಗಿಂತ ಆರಂಭದ ದಿನಗಳ ಮಲಸೋರಿಕೆ ಹೆಚ್ಚಿತ್ತು. ವಿಚಾರಿಸಿದಾಗ ತಿಳಿದದ್ದು, ಲ್ಯಾಕ್ಟುಲೋಸ್ ಬಾಟಲಿಯನ್ನು ‘ತಂಪು, ಮಗುವಿಗೆ ಶೀತ’ ಎಂದು ಮುಟ್ಟಿಯೇ ಇರಲಿಲ್ಲ.

ಇಲ್ಲಿ ಬಾಣಂತಿಗೆ ಹೇಳಿದರೆ ಸಾಲದು, ಅಡುಗೆ ಮಾಡುವವರಿಗೆ ಹೇಳಬೇಕು. “ಅಮ್ಮಾ, ಸಾರು ಅನ್ನ ಎಲ್ಲ ಇರಲಿ. ನೀರು ಬಿಸಿ ಮಾಡಿಯೇ ಕೊಡಿ, ಆದರೆ ದಿನಕ್ಕೆ ಎಂಟು ಹತ್ತು ಲೋಟ ಹೋಗಲೇಬೇಕು. ಸಬ್ಬಸಿಗೆ ಸೊಪ್ಪು ಬಾಣಂತಿಗೆ ಹಾಕೋದು ಇದ್ದೇ ಇದೆಯಲ್ಲ, ಅದನ್ನೇ ಜಾಸ್ತಿ ಹಾಕಿ.” ಕ್ರಮವನ್ನು ಹಳಿಯದೆ, ಅದರೊಳಗೇ ದಾರಿ ಮಾಡಿಕೊಟ್ಟರೆ ಮಾತು ನಡೆಯುತ್ತದೆ. ಲ್ಯಾಕ್ಟುಲೋಸನ್ನು ಎರಡು ದಿನ 20 ಮಿ.ಲೀ.ಯಂತೆ ಕೊಟ್ಟ ಮೇಲೆ ಮೆತ್ತಗೆ ಮೋಷನ್ ಆಯಿತು. ಹೊಲಿಗೆಯ ಜಾಗಕ್ಕೆ ಕೆಂಡದ ಶಾಖ, ರಭಸವಾಗಿ ಸುರಿಯುವ ಬಿಸಿನೀರು ಬೇಡವೆಂದೂ, ಮುಂದಿನಿಂದ ಹಿಂದಕ್ಕೆ ತೊಳೆದು ಒತ್ತಿ ಒರೆಸಬೇಕೆಂದೂ ಹೇಳಲಾಯಿತು. ನೋವು ಇಳಿಯುವ ಬದಲು ಏರಿದರೆ, ಕೀವು ಅಥವಾ ಜ್ವರ ಬಂದರೆ, ಯೋನಿಯಿಂದ ಗ್ಯಾಸ್ ಬಂದರೆ ಅದೇ ದಿನ ಬರಬೇಕು.

ಕೇಳುವ ಪ್ರಶ್ನೆ

ಆರನೇ ವಾರ. “ಹೇಗಿದ್ದೀರಾ?” ಎಂದದ್ದಕ್ಕೆ “ಚೆನ್ನಾಗಿದೀನಿ ಮೇಡಂ” ಎಂದಳು. ಪಕ್ಕದಲ್ಲಿ ಅತ್ತೆ ಇದ್ದರು. ಮಲ ತಡೆಯಲಾಗದ ತೊಂದರೆಯನ್ನು ಯಾರೂ ತಾವಾಗಿ ಹೇಳುವುದಿಲ್ಲ. ಹೆರಿಗೆಯಾದ ಮೇಲೆ ಹೀಗೇ ಎಂದುಕೊಂಡು ವರ್ಷಗಟ್ಟಲೆ ಬಟ್ಟೆ ಮಡಚಿ ಇಟ್ಟುಕೊಳ್ಳುತ್ತಾರೆ, ಮದುವೆಮನೆಗೆ ಹೋಗುವುದನ್ನು ಬಿಡುತ್ತಾರೆ. ಪರೀಕ್ಷೆಯ ನೆಪದಲ್ಲಿ ಒಬ್ಬಳನ್ನೇ ಒಳಗೆ ಕರೆದು ನೇರವಾಗಿ ಕೇಳಬೇಕು. ಬಂತೆಂದರೆ ಎಷ್ಟು ಹೊತ್ತು ತಡೆಯಬಲ್ಲಿರಿ? ಗ್ಯಾಸ್ ತಡೆಯೋಕಾಗುತ್ತಾ? ಗೊತ್ತಾಗದೆ ಒಳಬಟ್ಟೆಗೆ ಕಲೆ ಆಗುತ್ತಾ? ಗಂಡನ ಜೊತೆ ಸೇರುವಾಗ ನೋವಿದೆಯಾ?

ಐದು ಹತ್ತು ನಿಮಿಷ ತಡೆಯಬಲ್ಲಳು. ಗ್ಯಾಸ್ ಕೆಲವೊಮ್ಮೆ ತಾನಾಗಿ ಹೋಗುತ್ತದೆ. ವಾರಕ್ಕೆರಡು ಸಲ ಬಟ್ಟೆಗೆ ಸ್ವಲ್ಪ ಕಲೆ, ಗೊತ್ತೇ ಆಗದೆ. ತಡೆಯುವ ಶಕ್ತಿ ಇದೆ, ಗೊತ್ತಾಗದೆ ಸೋರುತ್ತಿದೆ: ಹೊರಗಿನ ಉಂಗುರ ಹಿಡಿದಿದೆ, ಒಳಗಿನದರಲ್ಲಿ ಕೊರತೆ.

ಕಿಬ್ಬೊಟ್ಟೆಯ ತಳದ ಸ್ನಾಯುಗಳ ವ್ಯಾಯಾಮವನ್ನು ‘ಕೆಗೆಲ್ ಮಾಡಿ’ ಎಂದು ಚೀಟಿಯಲ್ಲಿ ಬರೆದು ಕಳಿಸಿದ್ದರು. ಬೆರಳಿಟ್ಟು ಬಿಗಿಹಿಡಿಯಲು ಹೇಳಿದಾಗ ಗೊತ್ತಾದದ್ದು, ಆಕೆ ಉಸಿರು ಕಟ್ಟಿ ಕೆಳಕ್ಕೆ ಮುಕ್ಕುತ್ತಿದ್ದಳು, ಅಂದರೆ ಬೇಕಾದದ್ದಕ್ಕೆ ನೇರ ವಿರುದ್ಧ. ಸರಿಯಾದದ್ದು: ಗ್ಯಾಸ್ ತಡೆಯುವಂತೆ ಗುದದ್ವಾರ ಮುಚ್ಚಿ, ಮೇಲಕ್ಕೂ ಮುಂದಕ್ಕೂ ಎಳೆದುಕೊಳ್ಳುವುದು, ಕುಂಡೆ, ತೊಡೆ ಬಿಗಿಯಾಗಬಾರದು, ಉಸಿರು ಆಡುತ್ತಿರಬೇಕು. ಆದಷ್ಟು ಹೊತ್ತು, ಹತ್ತು ಸೆಕೆಂಡಿನವರೆಗೆ ಹಿಡಿದು ಅಷ್ಟೇ ಹೊತ್ತು ಬಿಡುವುದು. ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಮಗುವಿಗೆ ಹಾಲು ಕೊಡುವ ಹೊತ್ತಿಗೆ ಜೋಡಿಸಿದರೆ ಮರೆಯುವುದಿಲ್ಲ.

ಹನ್ನೆರಡನೇ ವಾರದಲ್ಲೂ ಕಲೆ ನಿಲ್ಲದ್ದರಿಂದ ಗುದದೊಳಗಿನ ಅಲ್ಟ್ರಾಸೌಂಡ್ ಮತ್ತು ಒತ್ತಡ ಅಳೆಯುವ ಮ್ಯಾನೊಮೆಟ್ರಿಗೆ ದೊಡ್ಡಾಸ್ಪತ್ರೆಗೆ ಕಳಿಸಿದರು. ಹೊರಗಿನ ಉಂಗುರ ಪೂರ್ತಿ ಕೂಡಿತ್ತು. ಒಳಗಿನದರಲ್ಲಿ ಗಡಿಯಾರದ 11ರಿಂದ 12.30ರವರೆಗೆ, 45 ಡಿಗ್ರಿಯಷ್ಟು ಅಂತರ ಉಳಿದಿತ್ತು. ವಿರಾಮದ ಒತ್ತಡ ಕಡಿಮೆ, ಬಿಗಿಹಿಡಿದಾಗಿನ ಏರಿಕೆ ಚೆನ್ನಾಗಿತ್ತು.

ಒಳಗಿನ ಸ್ನಾಯುವನ್ನು ತಡವಾಗಿ ಮತ್ತೆ ಹೊಲಿದರೆ ಫಲ ಕಡಿಮೆ. ಮೊದಲ ದಿನ ಅದನ್ನು ಗುರುತಿಸಿ ಹೊಲಿಯುವುದಕ್ಕೆ ಅಷ್ಟು ಒತ್ತು ಕೊಡುವುದು ಇದಕ್ಕೇ. ಆದ್ದರಿಂದ ಇನ್ನುಳಿದದ್ದು ಮಲದ ಹದ ಮತ್ತು ವ್ಯಾಯಾಮ. ಆರನೇ ದಿನ ಬೇಡವೆಂದ ಇಸಬ್ಗೋಲ್ ಈಗ ಔಷಧವಾಯಿತು: ಲ್ಯಾಕ್ಟುಲೋಸ್ ನಿಲ್ಲಿಸಿ ಆಗಲೇ ಬಹಳ ದಿನವಾಗಿತ್ತು, ಗಾಯ ಕೂಡಿತ್ತು, ಅಂಟುವ ಮೆತ್ತನೆಯ ಮಲವೇ ಸೋರುತ್ತಿದ್ದದ್ದು. ರಾತ್ರಿ ಒಂದು ಚಮಚ ಒಂದು ಲೋಟ ನೀರಿನಲ್ಲಿ ಕಲಸಿ ಕುಡಿದರೆ ಮಲ ಒಂದುಗೂಡಿ ಪೂರ್ತಿ ಖಾಲಿಯಾಗುತ್ತದೆ, ಉಳಿದು ಸೋರುವುದಿಲ್ಲ. ಫಿಸಿಯೊಥೆರಪಿಸ್ಟ್ ಬಳಿ, ಸ್ನಾಯು ಬಿಗಿಯುವುದನ್ನು ಯಂತ್ರದಲ್ಲಿ ನೋಡಿಕೊಂಡು ಮಾಡುವ ಬಯೋಫೀಡ್‌ಬ್ಯಾಕ್ ಕಲಿತಳು. ಒಂದು ವರ್ಷಕ್ಕೆ ಕಲೆ ನಿಂತಿತು. ಗ್ಯಾಸಿನ ತೊಂದರೆ ಅಪರೂಪಕ್ಕೆ ಉಳಿಯಿತು. ಸರಿಯಾಗಿ ಹೊಲಿದವರಲ್ಲಿ 60ರಿಂದ 80% ಮಂದಿ ಒಂದು ವರ್ಷದ ಹೊತ್ತಿಗೆ ಯಾವ ತೊಂದರೆಯೂ ಇಲ್ಲದೆ ಇರುತ್ತಾರೆ. ಈಕೆ ಆ ಗುಂಪಿನ ಅಂಚಿನಾಚೆ ಉಳಿದವಳು.

ಕತ್ತರಿಯ ಕೋನ

ಗಾಯದ ಕಲೆಯನ್ನು ಅಳೆದು ನೋಡಿದಾಗ ಎಪಿಸಿಯಾಟಮಿ ನಡುಗೆರೆಯಿಂದ ಸುಮಾರು 30 ಡಿಗ್ರಿಯಷ್ಟೇ ಓರೆಯಾಗಿತ್ತು. ಕೊಟ್ಟವರಿಗೆ ಅದು 45ರಂತೆ ಕಂಡಿರಬೇಕು. ತಲೆ ದ್ವಾರದಲ್ಲಿ ಒತ್ತಿ ನಿಂತಾಗ ಪೆರಿನಿಯಂ, ಅಂದರೆ ಯೋನಿಗೂ ಗುದಕ್ಕೂ ನಡುವಿನ ಜಾಗ, ಬಲೂನಿನಂತೆ ಉಬ್ಬಿರುತ್ತದೆ. ಆಗ ಕತ್ತರಿಸಿದ ಕೋನ, ಮಗು ಹೊರಬಂದು ಎಲ್ಲ ಕುಗ್ಗಿದ ಮೇಲೆ ಕಿರಿದಾಗುತ್ತದೆ. ಹೊಲಿಯುವಾಗ 45 ಬರಬೇಕಾದರೆ ಕತ್ತರಿಸುವಾಗ 60 ಇರಬೇಕು. 30ಕ್ಕೆ ಇಳಿದ ಕಟ್ ಬಿಗಿಸ್ನಾಯುವಿಗೆ ನೇರ ದಾರಿ ತೋರಿಸಿತು. ತೀರಾ ಮುಂಚೆ, ತಲೆ ಕಾಣುವ ಮೊದಲೇ ಕೊಡುವ ಕಟ್ಟೂ ಇಂಥದೇ ತಪ್ಪು: ರಕ್ತ ಹೋಗುತ್ತದೆ, ರಕ್ಷಣೆ ಸಿಗುವುದಿಲ್ಲ. ಕೋನ ಸಾಲದ ಕಟ್ಟಿಗಿಂತ ಕೊಡದೇ ಇರುವುದೇ ಮೇಲಾಗುವ ಸಂದರ್ಭಗಳೂ ಉಂಟು. ಎಲ್ಲ ಚೊಚ್ಚಲಿಗೂ ಕಣ್ಮುಚ್ಚಿ ಕೊಡುವ ಪದ್ಧತಿಗೆ ಸಮರ್ಥನೆಯಿಲ್ಲ. ಉಪಕರಣದ ಹೆರಿಗೆಯಲ್ಲಿ ಮಾತ್ರ, ಸರಿಯಾದ ಕೋನದ ಕಟ್ಟಿಗೆ ಅರ್ಥವಿದೆ.

ಇನ್ನೊಂದು ಕೈಯ ಕೆಲಸ. ವ್ಯಾಕ್ಯೂಮ್ ಎಳೆಯುವವರ ಎರಡೂ ಕೈ ಕಪ್ಪಿನ ಮೇಲಿದ್ದವು, ಪೆರಿನಿಯಂ ಹಿಡಿದವರು ಯಾರೂ ಇರಲಿಲ್ಲ. ಹಿಡಿಯುವ ರೀತಿ: ಎಡಗೈ ತಲೆಯ ಮೇಲಿಟ್ಟು ಅದು ಸಟ್ಟನೆ ಹೊರಬಾರದಂತೆ ತಡೆಯುವುದು, ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳನ್ನು ದ್ವಾರದ ಎರಡು ಬದಿಗೆ ಇಟ್ಟು ಚರ್ಮವನ್ನು ನಡುವಿಗೆ ತರುವುದು, ಮಡಚಿದ ನಡುಬೆರಳಿನಿಂದ ಕೆಳಗೆ ಆಧಾರ ಕೊಡುವುದು. ತಲೆಯ ಅಗಲವಾದ ಭಾಗ ಹಾಯುವಾಗ “ಮುಕ್ಕಬೇಡಿ, ಬಾಯಲ್ಲಿ ಉಸಿರು ಬಿಡಿ” ಎನ್ನಬೇಕು. ಭುಜ ಹೊರಬರುವವರೆಗೂ ಕೈ ತೆಗೆಯಬಾರದು. ನಾರ್ವೆಯ ಆಸ್ಪತ್ರೆಗಳಲ್ಲಿ ಈ ಹಿಡಿತವನ್ನು ಎಲ್ಲರಿಗೂ ಮತ್ತೆ ಕಲಿಸಿದ ಮೇಲೆ ಬಿಗಿಸ್ನಾಯುವಿನ ಗಾಯಗಳು ಗಣನೀಯವಾಗಿ ಇಳಿದವು. ಎರಡನೇ ಹಂತದಲ್ಲಿ ಬಿಸಿನೀರಲ್ಲಿ ಹಿಂಡಿದ ಬಟ್ಟೆಯನ್ನು ಪೆರಿನಿಯಂಗೆ ಒತ್ತಿ ಹಿಡಿಯುವುದೂ ಹರಿದ ದೊಡ್ಡ ಗಾಯಗಳನ್ನು ಕಡಿಮೆ ಮಾಡುತ್ತದೆ. ಅದಕ್ಕೆ ಬೇಕಾದದ್ದು ಒಂದು ಬೇಸಿನ್ ಮಾತ್ರ.

ಮುಂದಿನ ಮಗು

ಒಂದೂವರೆ ವರ್ಷದ ಮೇಲೆ ಆಕೆ ಕೇಳಿದ್ದು: ಇನ್ನೊಂದು ಮಗು ಆದರೆ ಸಿಸೇರಿಯನ್ ಆಗಲೇಬೇಕಾ? ಹಿಂದೆ ಬಿಗಿಸ್ನಾಯು ಹರಿದು, ಈಗ ತೊಂದರೆಯಿಲ್ಲದೆ ಸ್ಕ್ಯಾನೂ ಸರಿಯಿದ್ದವರು ಯೋನಿಮಾರ್ಗದಲ್ಲೇ ಹೆರಬಹುದು. ಮತ್ತೆ ಹರಿಯುವ ಸಾಧ್ಯತೆ 5ರಿಂದ 7%. ತೊಂದರೆ ಉಳಿದವರಿಗೆ, ಅಥವಾ ಸ್ಕ್ಯಾನಿನಲ್ಲಿ ಗಡಿಯಾರದ ಒಂದು ಗಂಟೆಗಿಂತ, ಅಂದರೆ 30 ಡಿಗ್ರಿಗಿಂತ ಹೆಚ್ಚಿನ ಅಂತರವಿದ್ದವರಿಗೆ ಯೋಜಿತ ಸಿಸೇರಿಯನ್ನಿನ ಆಯ್ಕೆಯನ್ನು ಮುಂದಿಡಬೇಕು. ಈಕೆಯ ಅಂತರ 45 ಡಿಗ್ರಿ, ಗ್ಯಾಸಿನ ತೊಂದರೆಯೂ ಉಳಿದಿದೆ. ಸಿಸೇರಿಯನ್ ಆದರೆ ಇದ್ದದ್ದು ಸರಿಹೋಗುವುದಿಲ್ಲ, ಹೊಸ ಪೆಟ್ಟು ಬೀಳುವುದಿಲ್ಲ ಅಷ್ಟೆ ಎಂಬುದನ್ನು ಬಿಡಿಸಿ ಹೇಳಿ, ಸ್ಕ್ಯಾನ್ ವರದಿಯನ್ನೂ ಗಡಿಯಾರದ ಚಿತ್ರವಿದ್ದ ಆ ಟಿಪ್ಪಣಿಯ ನಕಲನ್ನೂ ತಾಯಿ ಕಾರ್ಡಿಗೆ ಪಿನ್ ಮಾಡಿ ಕೊಡಲಾಯಿತು.